ಮನೆ ಮಾವನ ಹೆಸರಲ್ಲಿದ್ದರೂ ಸೊಸೆಯನ್ನು ಹೊರಹಾಕುವಂತಿಲ್ಲ

ಜೇವರ್ಗಿಯ ಹೆಣ್ಣುಮಗಳೊಬ್ಬಳನ್ನು ಅಫಜಲಪುರದ ಕಡೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿ ಗಂಡ ಹೊಡೆದ. ಮಾವ ಅವಳ ಟ್ರಂಕನ್ನು ಅಂಗಳಕ್ಕಿಟ್ಟು, ‘ಮನಿ ನನ್ನ ಹೆಸರ್ಲೆ ಅದ, ಹೊರಗ ನಡಿ’ ಎಂದ. ಮಗುವನ್ನು ಎತ್ತಿಕೊಂಡು ಅವಳು ತವರಿಗೆ ಬಂದಳು. ಅವಳ ನೆರವಿಗಿರುವುದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಮುಂದಿನ ದಾರಿ ಹೀಗಿದೆ.

1. ಮೊದಲು ಚಿಕಿತ್ಸೆ

ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂದು ಇದ್ದದ್ದು ಇದ್ದಂತೆ ಹೇಳಿ. ‘ಜಾರಿಬಿದ್ದೆ’ ಎಂದರೆ ಚೀಟಿಯಲ್ಲಿ ಅದೇ ಉಳಿಯುತ್ತದೆ, ಮುಂದೆ ಅದು ಎದುರಾಳಿಯ ಸಾಕ್ಷ್ಯವಾಗುತ್ತದೆ. ಜೀವಭಯವಿದ್ದರೆ ಕೂಡಲೇ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181.

2. ಸಂರಕ್ಷಣಾಧಿಕಾರಿಯನ್ನು ಕಾಣಿ

ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಈ ಹೊಣೆ ಕೊಡಲಾಗಿದೆ. ಕಚೇರಿ ಎಲ್ಲಿದೆಯೆಂದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ. ನೀವು ಹೇಳಿದ್ದನ್ನು ಅವರು ಕೌಟುಂಬಿಕ ಘಟನಾ ವರದಿಯಲ್ಲಿ ಬರೆದುಕೊಳ್ಳುತ್ತಾರೆ. ಹೊಡೆತವಷ್ಟೇ ಅಲ್ಲ, ಬೈಗುಳ, ಖರ್ಚಿಗೆ ದುಡ್ಡು ಕೊಡದಿರುವುದು, ಒಡವೆ ಕಿತ್ತುಕೊಂಡಿದ್ದು ಎಲ್ಲವೂ ಹಿಂಸೆಯೇ. ದಿನ, ಜಾಗ, ನೋಡಿದವರು ಯಾರು ಎಂಬುದನ್ನು ಬರೆಸಿ. ವರದಿಯ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ.

3. ಅರ್ಜಿ ಜೇವರ್ಗಿಯಲ್ಲೇ

ನೀವು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೂ 12ನೇ ಕಲಮಿನಡಿ ಅರ್ಜಿ ಹಾಕಬಹುದು. ಹಾಗಾಗಿ ತವರಿನಲ್ಲಿರುವವಳು ಗಂಡನ ಊರಿನ ಕೋರ್ಟಿಗೆ ಅಲೆಯಬೇಕಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

4. ಏನು ಕೇಳಬೇಕು?

ಹೊಡೆಯದಂತೆ, ಹತ್ತಿರ ಸುಳಿಯದಂತೆ ರಕ್ಷಣಾ ಆದೇಶ. ಮನೆಯಲ್ಲಿರಲು ವಾಸದ ಆದೇಶ. ತನಗೂ ಮಗುವಿಗೂ ಜೀವನಾಂಶ. ಮಗುವಿನ ತಾತ್ಕಾಲಿಕ ಸುಪರ್ದು. ಅಂತಿಮ ತೀರ್ಪಿಗೆ 60 ದಿನದ ಗುರಿಯಿದ್ದರೂ ಪ್ರಕರಣಗಳು ಎಳೆಯುವುದುಂಟು. ಆದ್ದರಿಂದ 23ನೇ ಕಲಮಿನಡಿ ಮಧ್ಯಂತರ ಆದೇಶವನ್ನೂ ಅಂದೇ ಕೇಳಿ.

ಇನ್ನು ಮಾವನ ಮಾತು. ಸೊಸೆ ಸಂಸಾರ ನಡೆಸಿದ ಮನೆ ಗಂಡನ ಬಂಧುಗಳ ಹೆಸರಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅರ್ಜಿ ಹಾಕುವಾಗ ಆ ಮನೆಯಲ್ಲೇ ಇರಬೇಕೆಂದಿಲ್ಲ ಎಂದು 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಇದು ಇರುವ ಹಕ್ಕು, ಆಸ್ತಿಯ ಪಾಲಲ್ಲ. ವಯಸ್ಸಾದ ಅತ್ತೆ–ಮಾವಂದಿರ ನೆಮ್ಮದಿಯನ್ನೂ ಕೋರ್ಟ್ ನೋಡುತ್ತದೆ. ಬೇರೆ ಮನೆ ಮಾಡಿಕೊಡಲು ಅಥವಾ ಬಾಡಿಗೆ ಕಟ್ಟಲು ಗಂಡನಿಗೆ ಹೇಳಬಹುದು. ಗಂಡನನ್ನು ಮನೆಯಿಂದ ಹೊರಕಳಿಸಬಹುದು, ಅತ್ತೆಯನ್ನು ಮಾತ್ರ ಕಳಿಸುವಂತಿಲ್ಲ.

5. ಆದೇಶ ಮೀರಿದರೆ

ರಕ್ಷಣಾ ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದು ಜಾಮೀನುರಹಿತ ಅಪರಾಧ. ಆದೇಶದ ಪ್ರತಿಯನ್ನು ಕೋರ್ಟು ನಿಮಗೂ ಠಾಣೆಗೂ ಉಚಿತವಾಗಿ ಕೊಡಬೇಕು. ಠಾಣೆಗೆ ತಲುಪಿದೆಯೇ ಎಂದು ವಿಚಾರಿಸಿ, ನಿಮ್ಮ ಪ್ರತಿಯ ಜೆರಾಕ್ಸ್ ಒಂದನ್ನು ತವರಿನಲ್ಲಿ ಇಟ್ಟುಬಿಡಿ. ಟ್ರಂಕ್ ಮತ್ತೆ ಅಂಗಳಕ್ಕೆ ಬಂದರೆ ಆ ಹಾಳೆಯೊಂದಿಗೆ ಠಾಣೆಗೆ ಹೋಗಬಹುದು.