2018ರ ಎರ್ಟಿಗಾಗೆ ಯಾವ ಸೀಟ್ ಕವರ್?

ಬ್ಯಾಡಗಿಯ ಓದುಗರೇ, ರಾಣೆಬೆನ್ನೂರಿನಲ್ಲಿ ಕೊಂಡ ಹಳೆ ಎರ್ಟಿಗಾಗೆ ಆನ್‌ಲೈನಿನಲ್ಲಿ ‘2018 ಮಾಡೆಲ್’ ಕವರ್ ತರಿಸಿದಿರಿ, ಅದು ಕೂರಲಿಲ್ಲ. ತಪ್ಪು ಅಳತೆಯದಲ್ಲ, ವರ್ಷದ್ದು. ಹೊಸ ತಲೆಮಾರಿನ ಎರ್ಟಿಗಾ ಬಂದದ್ದು 2018ರ ನವೆಂಬರಿನಲ್ಲಿ. ಹಾಗಾಗಿ ಆ ಒಂದೇ ವರ್ಷದಲ್ಲಿ ಎರಡು ಬಗೆಯ ಗಾಡಿಗಳಿವೆ, ಸೀಟುಗಳೂ ಬೇರೆ.

ಹಾವೇರಿ ನೋಂದಣಿಯ ಕೆಎ-27 ನಂಬರಾಗಲಿ, ನೋಂದಣಿ ದಿನಾಂಕವಾಗಲಿ ನಿಮ್ಮದು ಯಾವ ಬಗೆಯೆಂದು ಹೇಳುವುದಿಲ್ಲ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ನೋಡಿ. ಅನುಮಾನ ಉಳಿದರೆ ಗಾಡಿಯ ಹಿಂದೆ ನಿಲ್ಲಿ: ಹಿಂಬದಿ ದೀಪ ಡಿಕ್ಕಿ ಬಾಗಿಲಿನತ್ತ ಅಡ್ಡಕ್ಕೆ ತಿರುಗಿದ್ದರೆ ಹೊಸದು.

ಆಮೇಲೆ ಮಧ್ಯದ ಸಾಲು. ಅದು ಎರಡು ತುಂಡಾಗಿ ಮಡಚುವುದರಿಂದ ಕವರೂ ಎರಡು ತುಂಡಿರಬೇಕು. ಒಂದೇ ಉದ್ದನೆಯ ಕವರ್ ಹಾಕಿದರೆ ಮೂರನೇ ಸಾಲಿಗೆ ಹೋಗಲು ಸೀಟು ಮಡಚಲಾಗದು. ತಲೆದಿಂಬು, ನಡುವಿನ ಕೈದಿಂಬು ವೇರಿಯಂಟ್‌ನಿಂದ ವೇರಿಯಂಟ್‌ಗೆ ಬದಲಾಗುತ್ತವೆ. ಮೂರೂ ಸಾಲಿನ ಫೋಟೊ ತೆಗೆದು ಮಾರಾಟಗಾರರಿಗೆ ಕಳಿಸಿ, ಹೊಂದುತ್ತದೆಂದು ಬರಹದಲ್ಲೇ ಉತ್ತರ ಪಡೆಯಿರಿ.

ಮುಂದಿನ ಸೀಟಿನ ಬದಿಯಲ್ಲಿ ‘AIRBAG’ ಪಟ್ಟಿ ಇದ್ದರೆ, ಅಲ್ಲಿ ಬಿಚ್ಚಿಕೊಳ್ಳುವ ಹೊಲಿಗೆ ಇಲ್ಲದ ಕವರ್ ಬೇಡವೇ ಬೇಡ. ಈಗ ಬಂದಿರುವುದನ್ನು ಎಳೆದು ಹಾಕಿಸಬೇಡಿ. ಹೊಲಿಗೆ ಬಿಟ್ಟ ಕವರನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.