ಸಂಪಾದಕರಿಗೆ ಒಂದು ಪತ್ರ: ತಿದ್ದುವ ಬಗೆ

ಪತ್ರಿಕೆಗಳ ‘ವಾಚಕರ ವಾಣಿ’ಯಂತಹ ಅಂಕಣಕ್ಕೆ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಸಾಮಾನ್ಯವಾಗಿ ಕೋಪ ಹೆಚ್ಚು, ವಿಷಯ ಕಡಿಮೆ. ಅಂತಹ ಪತ್ರವೊಂದನ್ನು ತಿದ್ದುವ ಕ್ರಮವನ್ನು ಇಲ್ಲಿ ಪರಿಶೀಲಿಸಲಾಗಿದೆ. ಪತ್ರವು ಅಭ್ಯಾಸಕ್ಕಾಗಿ ಕಲ್ಪಿಸಿದುದು. ಸ್ಥಳವು ಫಲ್ಗುಣಿ ನದಿಯ ದಡದ ವೇಣೂರು ಪೇಟೆ, ಕಾಲವು ಕರಾವಳಿಯ ಮಳೆಗಾಲ.

“ಮಾನ್ಯರೇ, ನಮ್ಮ ಊರಲ್ಲಿ ಎಂತ ಅವಸ್ಥೆ ಉಂಟು ಅಂತ ನೋಡುವವರೇ ಇಲ್ಲ. ಚರಂಡಿಗಳು ಮಣ್ಣು ತುಂಬಿ ಮುಚ್ಚಿಹೋಗಿದೆ. ಮಳೆ ಬಂದರೆ ನೀರೆಲ್ಲ ರಸ್ತೆಯಲ್ಲೇ. ವಿಧ್ಯಾರ್ಥಿಗಳಿಗೆ ನಡೆಯಲು ತುಂಬಾ ತೊಂದರೆ ಆಗುತ್ತಿವೆ. ಎಷ್ಟೋ ಸಲ ಮನವಿ ಕೊಟ್ಟು ಅಧಿಕಾರಿಗಳು ಏನೂ ಮಾಡಲಿಲ್ಲ. ಹಣವನ್ನೆಲ್ಲ ತಿಂದು ತೇಗಿದ್ದಾರೆ. ಇನ್ನಾದರೂ ಕಣ್ಣು ತೆರೆಯಲಿ.”

ಮೊದಲು ವ್ಯಾಕರಣವನ್ನು ನೋಡಬೇಕು. ‘ಚರಂಡಿಗಳು’ ಬಹುವಚನವಾದುದರಿಂದ ಕ್ರಿಯಾಪದವು ‘ಮುಚ್ಚಿಹೋಗಿವೆ’ ಎಂದಾಗಬೇಕು. ಮುಂದಿನ ವಾಕ್ಯವೊಂದರಲ್ಲಿ ತಪ್ಪು ತಿರುಗಿ ಬಿದ್ದಿದೆ. ಅಲ್ಲಿ ಕರ್ತೃಪದವು ‘ವಿದ್ಯಾರ್ಥಿಗಳು’ ಅಲ್ಲ, ‘ತೊಂದರೆ’. ಅದು ಏಕವಚನವಾದುದರಿಂದ ‘ಆಗುತ್ತಿದೆ’ ಎಂಬುದೇ ಸರಿ. ‘ವಿಧ್ಯಾರ್ಥಿ’ ಎಂಬ ರೂಪವು ತಪ್ಪೆಂದು ತಿಳಿಯಲು ಪದವನ್ನು ಬಿಡಿಸಿದರೆ ಸಾಕು: ವಿದ್ಯಾ + ಅರ್ಥಿ. ‘ವಿದ್ಯೆ’ಯಲ್ಲಿ ಇಲ್ಲದ ಮಹಾಪ್ರಾಣವು ‘ವಿದ್ಯಾರ್ಥಿ’ಯಲ್ಲಿ ಬರಲಾರದು.

‘ಮನವಿ ಕೊಟ್ಟು ಅಧಿಕಾರಿಗಳು ಏನೂ ಮಾಡಲಿಲ್ಲ’ ಎಂಬಲ್ಲಿ ದೋಷವು ಸೂಕ್ಷ್ಮವಾದುದು. ‘ಕೊಟ್ಟು’ ಎಂಬ ಅಪೂರ್ಣ ಕ್ರಿಯೆಯ ಕರ್ತೃವೂ ಪೂರ್ಣ ಕ್ರಿಯೆಯ ಕರ್ತೃವೂ ಸಾಮಾನ್ಯವಾಗಿ ಒಂದೇ ಆಗಿರಬೇಕು. ಹಾಗೆ ಓದಿದರೆ ಮನವಿಯನ್ನು ಕೊಟ್ಟವರೂ ಅಧಿಕಾರಿಗಳೇ ಆಗುತ್ತಾರೆ! ‘ಮಣ್ಣು ತುಂಬಿ ಚರಂಡಿಗಳು ಮುಚ್ಚಿಹೋಗಿವೆ’ ಎಂಬಲ್ಲಿಯೂ ಕರ್ತೃಗಳು ಎರಡಲ್ಲವೇ ಎಂದು ಕೇಳಬಹುದು. ಅಲ್ಲಿ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರುವುದರಿಂದ ಬಾಧೆಯಿಲ್ಲ. ಮನವಿಯಾದರೋ ನಿಷ್ಕ್ರಿಯತೆಗೆ ಕಾರಣವಲ್ಲ. ಫಲವು ನಿರೀಕ್ಷೆಗೆ ವಿರುದ್ಧವಾಗಿರುವುದರಿಂದ ‘ನಾಗರಿಕರು ಮನವಿ ಸಲ್ಲಿಸಿದರೂ’ ಎಂದಿರಬೇಕು.

ಇನ್ನು ಭಾಷೆಯ ಮಟ್ಟ. ‘ಎಂತ’, ‘ಉಂಟು ಅಂತ’ ಎಂಬುವು ಕರಾವಳಿಯ ಮಾತಿಗೆ ಸಹಜ. ಪತ್ರದಲ್ಲಿ ‘ಎಂತಹ’, ‘ಇದೆ ಎಂದು’ ಎಂಬ ರೂಪಗಳು ತಕ್ಕುವು. ಆದರೆ ಊರಿನ ಮಾತುಗಳನ್ನೆಲ್ಲ ಅಳಿಸಬಾರದು. ‘ತೋಡು’ ಎಂಬುದು ನೀರು ಸಹಜವಾಗಿ ಹರಿದುಹೋಗುವ ಹಳ್ಳ; ‘ಚರಂಡಿ’ ಮನುಷ್ಯರು ಕಟ್ಟಿದ್ದು. ತೋಡನ್ನು ಚರಂಡಿಯೆಂದು ತಿದ್ದಿದರೆ ಭಾಷೆಯು ಶಿಷ್ಟವಾದಂತೆ ತೋರಿದರೂ ವಿಷಯವು ಕೆಡುತ್ತದೆ. ‘ಸದರಿ’, ‘ಘನ’ ಎಂಬ ಕಚೇರಿಯ ಪದಗಳನ್ನು ಸೇರಿಸುವುದರಿಂದಲೂ ಪತ್ರವು ಗಂಭೀರವಾಗುವುದಿಲ್ಲ.

‘ತಿಂದು ತೇಗಿದ್ದಾರೆ’ ಎಂಬ ವಾಕ್ಯವನ್ನು ಮೃದುಗೊಳಿಸಿದರೆ ಸಾಲದು, ತೆಗೆಯಲೇಬೇಕು. ಅಧಿಕಾರಿಯ ಕಾರ್ಯವೈಖರಿಯ ಕುರಿತು ಸದ್ಭಾವನೆಯಿಂದ ಅಭಿಪ್ರಾಯ ಹೇಳಲು ಕಾನೂನಿನಲ್ಲಿ ಅವಕಾಶವಿದೆ. ಹಣ ತಿಂದರೆಂಬುದು ಅಭಿಪ್ರಾಯವಲ್ಲ, ಆರೋಪ. ಆಧಾರವಿಲ್ಲದ ಆರೋಪವು ಮಾನನಷ್ಟದ ಅಪರಾಧವಾಗಬಹುದು. ಹಿಂದೆ ಭಾರತೀಯ ದಂಡ ಸಂಹಿತೆಯ 499ನೆಯ ಕಲಮಿನಲ್ಲಿದ್ದ ಈ ವಿಷಯವು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ.

ಇಷ್ಟನ್ನೂ ತಿದ್ದಿದ ಮೇಲೆ ಪತ್ರದಲ್ಲಿ ಉಳಿಯುವುದು ಬಹಳ ಸ್ವಲ್ಪ. ಯಾವ ಚರಂಡಿ? ಎಷ್ಟು ದೂರ? ಮನವಿ ಕೊಟ್ಟುದು ಎಂದು? ಈ ಪ್ರಶ್ನೆಗಳಿಗೆ ಉತ್ತರವು ನಿಘಂಟಿನಲ್ಲಿ ದೊರೆಯದು. ವಿದ್ಯಾರ್ಥಿಯು ಸ್ಥಳಕ್ಕೆ ಹೋಗಿ, ಹೆಜ್ಜೆ ಹಾಕಿ ಅಳೆದು, ಮನವಿಯ ಪ್ರತಿಯನ್ನು ನೋಡಿ ಬರಬೇಕು. ಹಾಗೆ ತಿಳಿದು ಬರೆದ ಪತ್ರದ ರೂಪ ಹೀಗಿರುತ್ತದೆ:

“ಮಾನ್ಯರೇ,

ವೇಣೂರು ಪೇಟೆಯ ರಸ್ತೆಯ ಬಲಬದಿಯ ಚರಂಡಿಯು ಮಣ್ಣು ತುಂಬಿ ಮುಚ್ಚಿಹೋಗಿದೆ. ಮಳೆ ಸುರಿದಾಗ ನೀರು ತೋಡನ್ನು ಸೇರಲಾರದೆ ಸುಮಾರು 50 ಮೀಟರ್ ದೂರ ರಸ್ತೆಯ ಮೇಲೆಯೇ ಹರಿಯುತ್ತದೆ. ಶಾಲೆಗೆ ನಡೆದು ಬರುವ ಮಕ್ಕಳು ಆಗ ವಾಹನಗಳು ಸಂಚರಿಸುವ ರಸ್ತೆಯ ನಡುವಿಗೆ ಸರಿಯಬೇಕಾಗುತ್ತದೆ. ನಾಗರಿಕರು ಮೇ 12ರಂದು ಲಿಖಿತ ಮನವಿ ಸಲ್ಲಿಸಿದರೂ ಜೂನ್ 20ರವರೆಗೆ ಹೂಳೆತ್ತುವ ಕೆಲಸ ಆರಂಭವಾಗಿಲ್ಲ. ಮಳೆ ಬಲಗೊಳ್ಳುವ ಮೊದಲು ಚರಂಡಿಯ ಹೂಳನ್ನು ತೆಗೆಸಿ, ತೋಡಿನವರೆಗೆ ನೀರಿಗೆ ದಾರಿ ಮಾಡಿಕೊಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.”

ಇಲ್ಲಿ ಬೈಗುಳವಿಲ್ಲ; ಎರಡು ದಿನಾಂಕಗಳಿವೆ. ಅವುಗಳ ನಡುವಣ ಮೂವತ್ತೊಂಬತ್ತು ದಿನಗಳನ್ನು ಓದುಗನೇ ಎಣಿಸಿಕೊಳ್ಳುತ್ತಾನೆ. ‘ಕಣ್ಣು ತೆರೆಯಲಿ’ ಎಂಬ ಹಾರೈಕೆಗೆ ಯಾರೂ ಉತ್ತರಿಸಬೇಕಾಗಿಲ್ಲ. ‘ಹೂಳನ್ನು ತೆಗೆಸಿ’ ಎಂಬ ಬೇಡಿಕೆಯಾದರೋ ಈಡೇರಿತೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.