ನಕಲು ಪ್ರತಿಯಿರುವ ರಸೀದಿ ಪುಸ್ತಕ: ಹೊಸಬರಿಗೆ ಮೊದಲ ಪಾಠ

ಊರಿನ ಜಾತ್ರೆ ಸಮಿತಿಯವರು ಪ್ರೆಸ್ಸಿಗೆ ಬಂದು, "ಐವತ್ತರ ಆರು ಬುಕ್ಕು ಬೇಕು, ಡೂಪ್ಲಿಕೇಟ್ ಇರಲಿ, ನಂಬರ್ ಹಾಕಿ ಕೊಡಿ" ಎಂದು ಹೇಳಿ ಹೋಗುತ್ತಾರೆ. ಡಿಟಿಪಿ ಕಲಿಯಲು ಬಂದ ಹೊಸಬರ ಕೈಗೆ ಮೊದಮೊದಲು ಸಿಗುವ ಕೆಲಸಗಳಲ್ಲಿ ಇದೂ ಒಂದು. ಅದೇ ಆರು ಪುಸ್ತಕಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಗೆರೆ ಎಳೆಯುವುದರಿಂದ ಹಿಡಿದು ನಂಬರ್ ಬೀಳುವವರೆಗೆ ನಿಧಾನವಾಗಿ ನೋಡೋಣ.

ಮೊದಲು ಪುಸ್ತಕದ ಒಳಗನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಬಿಳಿ ಹಾಳೆ, ಅದರ ಕೆಳಗೆ ಒಂದು ಹಳದಿ ಅಥವಾ ಗುಲಾಬಿ ಹಾಳೆ. ಇವೆರಡೂ ಸೇರಿದರೆ ಒಂದು ಸೆಟ್, ಅಂಥ ಐವತ್ತು ಸೆಟ್ ಸೇರಿದರೆ ಒಂದು ಪುಸ್ತಕ. ಬಿಳಿ ಹಾಳೆಗೆ ಎಡಗಡೆ ತೂತಿನ ಸಾಲು ಇರುತ್ತದೆ. ದುಡ್ಡು ಕೊಟ್ಟವರಿಗೆ ಅದನ್ನು ಹರಿದು ಕೊಡುತ್ತಾರೆ. ಬಣ್ಣದ ಹಾಳೆಗೆ ತೂತಿನ ಸಾಲು ಬೇಡ, ಏಕೆಂದರೆ ಅದು ಪುಸ್ತಕ ಬಿಟ್ಟು ಕದಲಬಾರದು. ಬರೆಯುವುದು ಒಂದೇ ಸಲ, ಆದರೆ ಅಕ್ಷರ ಮೂಡುವುದು ಎರಡು ಕಡೆ. ಆದ್ದರಿಂದ ಪೆನ್ನಿನಲ್ಲಿ ತುಂಬುವ ಪ್ರತಿಯೊಂದು ಜಾಗವೂ ಎರಡೂ ಹಾಳೆಗಳಲ್ಲಿ ಒಂದೇ ಸ್ಥಾನದಲ್ಲಿ ಇರಬೇಕು. ನಕಲು ಹಾಳೆಯ ತಲೆಯ ಮೇಲೆ "ಕಚೇರಿ ಪ್ರತಿ" ಎಂದು ಒಂದು ಸಾಲು ಸೇರಿಸಿದಾಗ ಕೆಳಗಿನದೆಲ್ಲ ಐದು ಮಿಲಿಮೀಟರ್ ಜಾರಿತು ಎನ್ನಿ. ಕಾರ್ಬನ್ನಿನಲ್ಲಿ ಮೂಡಿದ ಹೆಸರು ಗೆರೆಗೂ ಅಚ್ಚಾದ ಪದಕ್ಕೂ ನಡುವೆ ಸಿಕ್ಕಿಕೊಂಡು ಓದಲು ಬಾರದ ಹಾಗಾಗುತ್ತದೆ. ಹಾಗಾಗಿ ಮೂಲ ಪ್ರತಿಯ ವಿನ್ಯಾಸವನ್ನು ಪೂರ್ತಿ ಮುಗಿಸಿ, ಅದನ್ನೇ ನಕಲು ಮಾಡಿಕೊಂಡು, ಪೆನ್ನು ಮುಟ್ಟದ ಒಂದು ಮೂಲೆಯಲ್ಲಿ ಮಾತ್ರ "ಮೂಲ ಪ್ರತಿ" ಎಂಬುದನ್ನು "ಕಚೇರಿ ಪ್ರತಿ" ಎಂದು ಬದಲಾಯಿಸಿ. ಬೇರೆ ಯಾವುದನ್ನೂ ಮುಟ್ಟಬೇಡಿ.

ಇನ್ನು ಅಳತೆ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಡ್ಡಕ್ಕೆ ಮೂರು ತುಂಡು ಮಾಡಿದರೆ ತುಂಡಿಗೆ 210 × 99 ಮಿ.ಮೀ. ಸಿಗುತ್ತದೆ, ಒಂದಿಷ್ಟೂ ಕಾಗದ ದಂಡವಾಗದೆ. ಎಡಗಡೆ 25 ಮಿ.ಮೀ. ಬಿಟ್ಟುಬಿಡಿ, ಪಿನ್ನು, ಬೈಂಡಿಂಗ್ ಪಟ್ಟಿ, ತೂತಿನ ಸಾಲು ಎಲ್ಲವೂ ಅಲ್ಲಿಯೇ ಕೂರಬೇಕು. ಬಲಗಡೆ 8 ಬಿಟ್ಟರೆ ಬರೆಯಲು 177 ಮಿ.ಮೀ. ಉಳಿಯುತ್ತದೆ.

ಗೆರೆಗಳ ನಡುವೆ ಎಷ್ಟು ಅಂತರ ಬೇಕು ಎಂಬಲ್ಲಿ ಹೊಸಬರು ಸಾಮಾನ್ಯವಾಗಿ ಜಿಪುಣತನ ಮಾಡುತ್ತಾರೆ. ಇಂಗ್ಲಿಷ್ ನಮೂನೆಯೊಂದನ್ನು ತೆಗೆದುಕೊಂಡು ಏಳು ಮಿಲಿಮೀಟರಿಗೆ ಒಂದು ಗೆರೆ ಎಳೆದುಬಿಡುತ್ತಾರೆ. ಕನ್ನಡದ ಕೈಬರಹಕ್ಕೆ ಅಷ್ಟು ಸಾಲದು. "ಕೃಷ್ಣಪ್ಪ" ಎಂದು ಬರೆದು ನೋಡಿ: ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಗುಡಿಸಿನ ಅಕ್ಷರ ಬಂದರೆ ಅದು ಮೇಲಕ್ಕೆ ಏಳುತ್ತದೆ, ಎರಡೂ ಒಂದಕ್ಕೊಂದು ತಾಗುತ್ತವೆ. ಮೂಲ ಪ್ರತಿಯಲ್ಲಿ ಹೇಗೋ ಓದಬಹುದು. ಕಾರ್ಬನ್ನಿನಲ್ಲಿ ಗೀಟು ದಪ್ಪವಾಗಿ ಮೂಡುವುದರಿಂದ ನಕಲಿನಲ್ಲಿ ಅದು ಮಸಿಯ ಗಂಟಾಗುತ್ತದೆ. ಒಂಬತ್ತು ಮಿಲಿಮೀಟರ್ ಕೊಡಿ. ನಮ್ಮ ತುಂಡಿನ ಮೇಲಂಚಿನಿಂದ ಅಳೆದರೆ 6ರಿಂದ 21 ಮಿ.ಮೀ.ವರೆಗೆ ಸಮಿತಿಯ ಹೆಸರು ಮತ್ತು ವಿಳಾಸ, ಆಮೇಲೆ 28, 37, 46, 55, 64ರಲ್ಲಿ ಐದು ಗೆರೆಗಳು. 68ರಿಂದ 93ರವರೆಗಿನ 25 ಮಿ.ಮೀ. ಮೊತ್ತದ ಚೌಕಕ್ಕೂ ಸಹಿಗೂ.

ಗೆರೆಯನ್ನು ಹೇಗೆ ಎಳೆಯಬೇಕು? ಕೀಲಿಮಣೆಯಲ್ಲಿ ಅಡಿಗೆರೆಯನ್ನೋ ಚುಕ್ಕಿಯನ್ನೋ ಒತ್ತುತ್ತಾ ಹೋಗಬೇಡಿ. ಫಾಂಟ್ ಬದಲಾದ ಕೂಡಲೇ ಅವುಗಳ ಉದ್ದ ಬದಲಾಗುತ್ತದೆ, ಬಲ ಅಂಚು ಗರಗಸದ ಹಲ್ಲಿನಂತೆ ಏರುಪೇರಾಗುತ್ತದೆ. ಕೋರೆಲ್‌ಡ್ರಾದಲ್ಲಾದರೆ ನಿಜವಾದ ಗೆರೆ ಎಳೆದು, ಅದನ್ನು ನಕಲು ಮಾಡಿ, ಸ್ಥಾನದ ಅಂಕಿಯನ್ನು ಕೈಯಾರೆ ತುಂಬಿ. ವರ್ಡ್‌ನಂಥ ತಂತ್ರಾಂಶದಲ್ಲಾದರೆ ಟೇಬಲ್ ಹಾಕಿ, ಸಾಲಿನ ಎತ್ತರವನ್ನು 9 ಮಿ.ಮೀ.ಗೆ ಬಿಗಿ ಮಾಡಿ, ಕೆಳ ಅಂಚನ್ನು ಮಾತ್ರ ಕಾಣಿಸಿ. ಗೆರೆಯ ದಪ್ಪ ಅರ್ಧ ಪಾಯಿಂಟ್ ಇರಲಿ. ಅದಕ್ಕಿಂತ ಸಣ್ಣದಾದರೆ ಅಚ್ಚಿನಲ್ಲಿ ಅಲ್ಲಲ್ಲಿ ಕಡಿಯುತ್ತದೆ. ಒಂದು ಪಾಯಿಂಟ್ ದಾಟಿದರೆ ಬರಹಕ್ಕಿಂತ ಗೆರೆಯೇ ಮುಂದೆ ನಿಲ್ಲುತ್ತದೆ. ಮೊತ್ತದ ಚೌಕದೊಳಗೆ ಬೂದು ಬಣ್ಣ ತುಂಬುವ ಆಸೆ ಎಲ್ಲರಿಗೂ ಆಗುತ್ತದೆ. ನಕಲು ಹಾಳೆಯಲ್ಲಿ ಆ ಬೂದಿನ ಮೇಲೆ ಕಾರ್ಬನ್ ಅಂಕಿ ಕಾಣದೆ ಹೋಗುತ್ತದೆ, ಆದ್ದರಿಂದ ಖಾಲಿ ಬಿಡಿ.

ಈಗ ತುಂಬುವ ಜಾಗಗಳು. 28ರ ಗೆರೆಯಲ್ಲಿ ಎಡಕ್ಕೆ ನಂಬರ್, ಬಲಕ್ಕೆ ದಿನಾಂಕ. 37ರಲ್ಲಿ "ಶ್ರೀ/ಶ್ರೀಮತಿ" ಎಂದು ಶುರುವಾಗಿ ಸಾಲಿನ ಕೊನೆಗೆ "ಇವರಿಂದ". 46ರಲ್ಲಿ "ಅಕ್ಷರದಲ್ಲಿ ರೂಪಾಯಿ", ಅದರ ಮುಂದುವರಿಕೆಗೆ 55ರ ಇಡೀ ಗೆರೆ. "ಹನ್ನೆರಡು ಸಾವಿರದ ಐನೂರ ಐವತ್ತು" ಎಂದು ದಪ್ಪ ಕೈಬರಹದಲ್ಲಿ ಬರೆದರೆ ಒಂದು ಸಾಲು ತುಂಬಿಹೋಗುತ್ತದೆ, ಅದಕ್ಕೇ ಎರಡನೆಯದು. ಇಲ್ಲೊಂದು ಎಚ್ಚರಿಕೆ: "ಮಾತ್ರ" ಎಂಬ ಪದವನ್ನು ಸಾಲಿನ ಬಲತುದಿಯಲ್ಲಿ ಅಚ್ಚು ಹಾಕುವ ರೂಢಿ ಹಲವೆಡೆ ಇದೆ, ನನಗದು ಸರಿಕಾಣುವುದಿಲ್ಲ. "ಐನೂರು" ಎಂದು ಬರೆದ ಮೇಲೆ "ಮಾತ್ರ" ಎಂಬಲ್ಲಿಯವರೆಗೆ ಉಳಿಯುವ ಖಾಲಿ ಜಾಗದಲ್ಲಿ ಆಮೇಲೆ ಯಾರು ಏನನ್ನು ಬೇಕಾದರೂ ಸೇರಿಸಬಹುದು. ಅದನ್ನು ಅಚ್ಚು ಹಾಕದೆ ಬಿಟ್ಟರೆ, ಬರೆಯುವವರೇ ಮೊತ್ತಕ್ಕೆ ಅಂಟಿಸಿ "ಮಾತ್ರ" ಬರೆದು ಮುಗಿಸುತ್ತಾರೆ. ಅದೇ ಕಾರಣಕ್ಕೆ ಚೌಕದ "ರೂ." ಕೂಡ ಎಡಗೋಡೆಗೆ ತಾಗಿಯೇ ಇರಲಿ, ಅಂಕಿಯ ಹಿಂದೆ ಇನ್ನೊಂದು ಅಂಕಿ ನುಸುಳಲು ಜಾಗ ಸಿಗಬಾರದು.

64ರ ಗೆರೆಯನ್ನು ಎರಡು ಭಾಗ ಮಾಡಿ. ಎಡಕ್ಕೆ "ಬಾಬ್ತು", ಅಂದರೆ ಅನ್ನದಾನಕ್ಕೋ ರಥೋತ್ಸವಕ್ಕೋ ಎಂಬ ವಿವರ. ಬಲಕ್ಕೆ "ನಗದು/ಚೆಕ್/ಯುಪಿಐ ಸಂಖ್ಯೆ". ಯುಪಿಐ ವಹಿವಾಟಿನ ಸಂಖ್ಯೆಗೆ 12 ಅಂಕಿ. ಕೈಬರಹದಲ್ಲಿ ಅಂಕಿಗೆ ನಾಲ್ಕು ಮಿ.ಮೀ. ಹಿಡಿದರೂ 48 ಬೇಕು, 55 ಬಿಡಿ. ಕೆಳಪಟ್ಟಿಯಲ್ಲಿ ಎಡಕ್ಕೆ ಮೊತ್ತದ ಚೌಕ, ಬಲಕ್ಕೆ ಹಣ ಪಡೆದವರ ಸಹಿ, ನಡುವೆ ರೆವಿನ್ಯೂ ಸ್ಟಾಂಪಿನ ಜಾಗ. ರಸೀದಿಯ ಮೊತ್ತ 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಹಾಯುವಂತೆ ಸಹಿ ಮಾಡುತ್ತಾರೆ. ಆದ್ದರಿಂದ ಸ್ಟಾಂಪಿನ ಚೌಕವೂ ಸಹಿಯ ಗೆರೆಯೂ ಪಕ್ಕಪಕ್ಕದಲ್ಲೇ ಇರಬೇಕು.

ನಂಬರಿನ ವಿಷಯಕ್ಕೆ ಬಂದಾಗ ಸ್ವಲ್ಪ ನಿಲ್ಲೋಣ, ಕೆಲಸ ಹೆಚ್ಚಾಗಿ ಕೆಡುವುದು ಇಲ್ಲಿಯೇ. ಒಂದು ಎ4 ಹಾಳೆಯಲ್ಲಿ ಮೂರು ರಸೀದಿ ಇವೆ. ಮೊದಲ ಹಾಳೆಯಲ್ಲಿ 1, 2, 3 ಎಂದೂ ಎರಡನೆಯದರಲ್ಲಿ 4, 5, 6 ಎಂದೂ ಹಾಕಿಕೊಂಡು ಹೋದರೆ ಏನಾಗುತ್ತದೆ? ಗಿಲೋಟಿನ್ನಿನಲ್ಲಿ ಕತ್ತರಿಸುವುದು ಹಾಳೆ ಹಾಳೆಯಾಗಿ ಅಲ್ಲ, ಇಡೀ ಕಂತೆಯನ್ನು ಒಂದೇ ಸಲ. ಆಗ ಮೇಲಿನ ಕಂತೆಯಲ್ಲಿ 1, 4, 7, 10 ಎಂದು ಸಿಗುತ್ತವೆ. ಮೂರು ಕಂತೆಯನ್ನು ಕೈಯಲ್ಲಿ ಒಂದೊಂದಾಗಿ ಹೆಣೆಯುತ್ತ ಕೂರಬೇಕು.

ನಮಗೆ ಬೇಕಾದದ್ದು ಒಟ್ಟು 300 ರಸೀದಿ. ಹಾಳೆಗೆ ಮೂರರಂತೆ ನೂರು ಹಾಳೆ. ಆದ್ದರಿಂದ ಮೊದಲ ಹಾಳೆಯಲ್ಲಿ ಮೇಲೆ 1, ನಡುವೆ 101, ಕೆಳಗೆ 201 ಬರಬೇಕು. ಎರಡನೆಯದರಲ್ಲಿ 2, 102, 202. ನೂರನೆಯದರಲ್ಲಿ 100, 200, 300. ಕತ್ತರಿಸಿದಾಗ ಮೂರು ಕಂತೆಗಳೂ ತಾವಾಗಿಯೇ ಸಾಲಾಗಿರುತ್ತವೆ, ಒಂದೊಂದು ಕಂತೆಯನ್ನು ಅರ್ಧ ಮಾಡಿದರೆ ಎರಡೆರಡು ಪುಸ್ತಕ. ಕಂಪ್ಯೂಟರಿನಿಂದಲೇ ನಂಬರ್ ಅಚ್ಚು ಮಾಡುವುದಾದರೆ ಎಕ್ಸೆಲ್ಲಿನ ಮೊದಲ ಸಾಲಿನಲ್ಲಿ ಕಾಲಂ ಹೆಸರು ಬರೆದು, ಎರಡನೆಯ ಸಾಲಿನಲ್ಲಿ ಇವನ್ನು ಹಾಕಿ 101ನೆಯ ಸಾಲಿನವರೆಗೆ ಎಳೆಯಿರಿ:

```
A2   =TEXT(ROW()-1,"0000")
B2   =TEXT(ROW()+99,"0000")
C2   =TEXT(ROW()+199,"0000")
```

ಈ ಪಟ್ಟಿಯನ್ನು ಮೇಲ್ ಮರ್ಜ್ ಅಥವಾ ಪ್ರಿಂಟ್ ಮರ್ಜ್‌ಗೆ ಕೊಟ್ಟು, ಒಮ್ಮೆ ಬಿಳಿ ಕಾಗದಕ್ಕೆ, ಇನ್ನೊಮ್ಮೆ ಅದೇ ಪಟ್ಟಿಯನ್ನು ಹಳದಿ ಕಾಗದಕ್ಕೆ ಓಡಿಸಿ. ಅಚ್ಚಾಗುವಾಗ 37ನೆಯ ಹಾಳೆ ಮುದುಡಿತು ಎನ್ನಿ. ಹೋದದ್ದು ಒಂದು ರಸೀದಿಯಲ್ಲ: 37, 137, 237 ಮೂರೂ ಹೋದವು, ಮೂರೂ ಬೇರೆ ಬೇರೆ ಪುಸ್ತಕದವು. ಆ ಹಾಳೆಯನ್ನು ತೆಗೆದಿಟ್ಟು, ಪಟ್ಟಿಯ ಅದೇ ಸಾಲನ್ನು ಮತ್ತೆ ಅಚ್ಚು ಮಾಡಿ ಅದರ ಜಾಗದಲ್ಲೇ ಸೇರಿಸಿದ ಮೇಲೆಯೇ ಕತ್ತರಿಸಲು ಕೊಡಿ.

ಕೈಯಲ್ಲಿ ಒತ್ತುವ ನಂಬರಿಂಗ್ ಮಷೀನಿನ ಲೆಕ್ಕ ಬೇರೆ. ಕತ್ತರಿಸಿ, ಬಿಳಿ ಹಳದಿ ಜೋಡಿಸಿದ ಮೇಲೆ ಒತ್ತುವುದರಿಂದ ಅಲ್ಲಿ ಈ ನೂರರ ಜಿಗಿತ ಬೇಕಿಲ್ಲ. ಅದರ ಮುಳ್ಳನ್ನು 2ಕ್ಕೆ ಇಟ್ಟರೆ ಒಂದೊಂದು ಅಂಕಿಯೂ ಎರಡು ಸಲ ಒತ್ತಿದ ಮೇಲೆ ಮುಂದಕ್ಕೆ ತಿರುಗುತ್ತದೆ. ಪರೀಕ್ಷೆಗೆಂದು ರದ್ದಿ ಕಾಗದದ ಮೇಲೆ ಒಂದೇ ಒಂದು ಸಲ ಒತ್ತಿಬಿಟ್ಟರೆ ಜೋಡಿ ತಪ್ಪುತ್ತದೆ: ಬಿಳಿಯ ಮೇಲೆ 1, ಅದರ ಹಳದಿಯ ಮೇಲೆ 2, ಮುಂದಿನ ಬಿಳಿಯ ಮೇಲೆ ಮತ್ತೆ 2. ಮೂರನೆಯ ಸೆಟ್‌ನಲ್ಲಿ ನಿಲ್ಲಿಸಿ ಎರಡೂ ಹಾಳೆಯ ಅಂಕಿ ಹೊಂದುತ್ತಿವೆಯೇ ಎಂದು ನೋಡುವ ಅಭ್ಯಾಸ ಇದ್ದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಬಿಳಿಯ ಮೇಲೆ ಮಾತ್ರ ನಂಬರ್ ಹಾಕಿ ನಕಲಿಗೆ ಕಾರ್ಬನ್ನಿನಿಂದ ಇಳಿಯಲಿ ಎಂದು ಬಿಡಬೇಡಿ. ಹರಿದುಹೋದ ಪ್ರತಿಯನ್ನು ಪುಸ್ತಕದಲ್ಲಿ ಉಳಿದ ಪ್ರತಿಯೊಂದಿಗೆ ತಾಳೆ ನೋಡಲು ಎರಡರಲ್ಲೂ ಸ್ಪಷ್ಟವಾದ ಅಂಕಿ ಬೇಕು.

ಕೊನೆಯದು ಕಾರ್ಬನ್. ಹಳೆಯ ಬಗೆಯ ಕಾರ್ಬನ್ ಹಾಳೆಯಾದರೆ ಹೊಳೆಯುವ ಮಸಿಯ ಮೈ ಕೆಳಗೆ, ಅಂದರೆ ನಕಲು ಹಾಳೆಯ ಕಡೆಗೆ. ಈಗ ಬಹಳಷ್ಟು ಜನ ಕೇಳುವುದು ಕಾರ್ಬನ್ ಇಲ್ಲದೆಯೇ ನಕಲು ಮೂಡಿಸುವ ಎನ್‌ಸಿಆರ್ ಕಾಗದ. ಅದರ ಮೇಲಿನ ಹಾಳೆಯ ಬೆನ್ನಿಗೆ ಬಣ್ಣವಿಲ್ಲದ ರಸಾಯನ ತುಂಬಿದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನೂ, ಕೆಳಗಿನ ಹಾಳೆಯ ಮುಖಕ್ಕೆ ಅದರೊಂದಿಗೆ ಸೇರಿದಾಗ ಬಣ್ಣ ಬರಿಸುವ ಲೇಪನವನ್ನೂ ಬಳಿದಿರುತ್ತಾರೆ. ಪೆನ್ನು ಒತ್ತಿದಲ್ಲಿ ಗುಳ್ಳೆ ಒಡೆದು ಗೀಟು ಮೂಡುತ್ತದೆ. ಮೇಲಿನದನ್ನು ಸಿಬಿ, ಕೆಳಗಿನದನ್ನು ಸಿಎಫ್ ಎಂದು ಅಂಗಡಿಯಲ್ಲಿ ಕೇಳಿ ಪಡೆಯಬೇಕು. ಹಾಳೆ ತಿರುವಿ ಅಚ್ಚಾದರೆ ಎಷ್ಟು ಒತ್ತಿ ಬರೆದರೂ ನಕಲು ಖಾಲಿ. ಆದ್ದರಿಂದ ಅಚ್ಚಿಗೆ ಕೊಡುವ ಮುಂಚೆ ಒಂದು ಬಿಳಿ, ಒಂದು ಹಳದಿ ಹಾಳೆ ಜೋಡಿಸಿ ಉಗುರಿನಿಂದ ಗೀರಿ ನೋಡಿ. ಹಳದಿಯ ಮೇಲೆ ಗೆರೆ ಕಂಡರೆ ಮುಖ ಸರಿಯಾಗಿದೆ.

ಈ ಪುಸ್ತಕಗಳ ಹಿಂದಿನ ರಟ್ಟನ್ನು ಒಳಕ್ಕೆ ಮಡಚುವಷ್ಟು ಉದ್ದ ಬಿಡಲು ಬೈಂಡರಿಗೆ ಹೇಳಿ. ಬರೆಯುವ ಸೆಟ್‌ನ ಕೆಳಗೆ ಆ ರಟ್ಟು ತೂರಿಸದಿದ್ದರೆ ಒತ್ತಡ ಮುಂದಿನ ಎರಡು ಮೂರು ಸೆಟ್‌ಗಳಿಗೂ ಇಳಿದು, ಇನ್ನೂ ಬರೆಯದ ರಸೀದಿಯಲ್ಲಿ ಹಿಂದಿನವರ ಹೆಸರು ಮಸುಕಾಗಿ ಮೂಡಿರುತ್ತದೆ. ಸಮಿತಿಯವರಿಗೆ ಪುಸ್ತಕ ಒಪ್ಪಿಸುವಾಗ ಇದನ್ನು ತೋರಿಸಿಕೊಡಿ, ಬಾಲ್ ಪೆನ್ನಿನಲ್ಲೇ ಬರೆಯಲು ಹೇಳಿ. ಜೆಲ್ ಪೆನ್ನಿಗೆ ಒತ್ತುವ ಅಗತ್ಯವೇ ಇಲ್ಲದ್ದರಿಂದ ನಕಲು ತೇಲಿ ಮೂಡುತ್ತದೆ. ಬರೆದು ಕೆಟ್ಟ ರಸೀದಿಯನ್ನು ಹರಿದು ಬಿಸಾಡದೆ, ಎರಡೂ ಪ್ರತಿಯ ಮೇಲೆ "ರದ್ದು" ಎಂದು ಬರೆದು ಪುಸ್ತಕದಲ್ಲೇ ಉಳಿಸಬೇಕು ಎಂಬುದನ್ನು ಮುಖಪುಟದ ಒಳಬದಿಯಲ್ಲಿ ಅಚ್ಚು ಹಾಕಿಯೇ ಕೊಡಬಹುದು. ಅದರ ಕೆಳಗೆ "ಈ ಪುಸ್ತಕದಲ್ಲಿ ನಂ. ___ ರಿಂದ ನಂ. ___ ರವರೆಗೆ 50 ರಸೀದಿಗಳಿವೆ" ಎಂಬ ಒಂದು ಸಾಲಿರಲಿ. ಅದನ್ನು ನೀವೇ ಎಣಿಸಿ ತುಂಬಿ, ಸಮಿತಿಯ ಖಜಾಂಚಿಯವರ ಎದುರಿಗೆ ಒಮ್ಮೆ ಎಣಿಸಿ ತೋರಿಸಿ, ಅವರ ಸಹಿ ಪಡೆಯಿರಿ. ಮುಂದಿನ ವರ್ಷ ಅವರು ಮತ್ತೆ ಬಂದಾಗ 301ರಿಂದ ಶುರು ಮಾಡಲು ಅನುಕೂಲವಾಗುವಂತೆ, ಕೊನೆಯ ನಂಬರನ್ನು ನಿಮ್ಮ ಕೆಲಸದ ಪುಸ್ತಕದಲ್ಲೂ ಬರೆದಿಡಿ.